ಹತ್ತಿರದ ಎರಡು ಅಂಗಡಿಗಳು

ಶಿಕಾರಿಪುರದ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಜೆರಾಕ್ಸ್ ಮತ್ತು ಕಂಪ್ಯೂಟರ್ ಅಂಗಡಿ ಇದೆ. ಪಹಣಿ ತೆಗೆಸುವವರು, ಅರ್ಜಿ ತುಂಬಿಸುವವರು, ಲಗ್ನಪತ್ರಿಕೆ ಮಾಡಿಸುವವರು ಬೆಳಗಿನಿಂದ ಸಂಜೆತನಕ ಬರುತ್ತಾರೆ. ವೆಬ್‌ಸೈಟ್ ಮಾಡುವುದನ್ನು ನಾನಾಗಿಯೇ ಕಲಿತೆ. ಊರಲ್ಲಿ ಆ ಕೆಲಸ ಬಲ್ಲವಳು ನಾನೊಬ್ಬಳೇ ಎಂದು ನನಗೆ ಗರ್ವವಿತ್ತು, ಅದನ್ನು ಮುಚ್ಚಿಡುವ ಅಭ್ಯಾಸವೂ ಇರಲಿಲ್ಲ. ಗೊತ್ತಿಲ್ಲದವರು ಎರಡನೇ ಸಲ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಮೂರನೇ ಸಲ ಕೇಳುವ ಧೈರ್ಯ ಯಾರೂ ಮಾಡಿಲ್ಲ.

ನಮ್ಮೂರಲ್ಲಿ ಒಂದು ಗಾಣದ ಎಣ್ಣೆಯ ಅಂಗಡಿ ಇದೆ. ಶೇಂಗಾ, ಕೊಬ್ಬರಿ, ಕುಸುಬೆ ಎಣ್ಣೆ ತೆಗೆದು ಮಾರುವ ಹಳೆಯ ಮನೆತನ. ಗಾಣ ಮತ್ತು ದೊಡ್ಡ ಅಂಗಡಿ ಶಿಕಾರಿಪುರದಲ್ಲಿ. ಶಿರಾಳಕೊಪ್ಪ, ಆನವಟ್ಟಿ, ಸೊರಬದಲ್ಲಿ ಒಂದೊಂದು ಶಾಖೆ. ಶಿರಾಳಕೊಪ್ಪದ್ದನ್ನು ಯಜಮಾನರ ಅಳಿಯ ನೋಡುತ್ತಿದ್ದ, ಆನವಟ್ಟಿಯದನ್ನು ಅವರ ಸೋದರಳಿಯ. ಸೊರಬದ ಅಂಗಡಿ ಯಜಮಾನರ ತಮ್ಮನದು. ತಮ್ಮ ತೀರಿಕೊಂಡ ಮೇಲೆ ಅವನ ಹೆಂಡತಿ ಅದನ್ನು ನಡೆಸುತ್ತಿದ್ದರು. ಅಂಗಡಿಯ ಹಿಂದಿನ ಒಂದೇ ಕೋಣೆಯಲ್ಲಿ ಅವರೊಬ್ಬರೇ ಇದ್ದರು. ದೊಡ್ಡ ಮನೆಯವರಿಗೆ ಅದು ಸರಿಕಾಣುತ್ತಿರಲಿಲ್ಲ. ಮನೆಯಲ್ಲಿ ಇಷ್ಟು ಜನಕ್ಕೆ ಅಡುಗೆ ಮಾಡಲು, ಡಬ್ಬಿ ತುಂಬಲು ಕೈ ಸಾಲದಿರುವಾಗ ಸೊಸೆಯೊಬ್ಬಳು ಬೇರೆ ಊರಲ್ಲಿ ಗಲ್ಲಾಪೆಟ್ಟಿಗೆ ಮುಂದೆ ಕೂತಿದ್ದಾಳೆ ಎನ್ನುವುದು ಅವರ ಗೊಣಗು.

ಯಜಮಾನರು ನನ್ನ ಹತ್ತಿರ ವೆಬ್‌ಸೈಟ್ ಮಾಡಿಸಲು ಬಂದಾಗ ಕೇಳಿದ್ದು ಒಂದೇ. ಗಿರಾಕಿ ತನ್ನ ಪಿನ್ ಕೋಡ್ ಹೊಡೆದರೆ ಅವನಿಗೆ ಹತ್ತಿರದ ಅಂಗಡಿ ಕಾಣಬೇಕು, ಒತ್ತಿದರೆ ಅಲ್ಲಿಗೇ ಫೋನ್ ಹೋಗಬೇಕು. ಫೋನ್ ಬಂದ ಅಂಗಡಿಯವರು ಎಣ್ಣೆ ಡಬ್ಬಿಯನ್ನು ಬಸ್ಸಿಗೆ ಹಾಕಿ ಕಳಿಸುತ್ತಾರೆ.

"ಬಾಳ ಸುಲಭ ಐತಿ ಮೇಡಂ," ಎಂದರು. "ಪಿನ್ ನಂಬರು ಕಳೀರಿ. ಯಾವುದು ಕಮ್ಮಿ ಉಳೀತತಿ ಅದೇ ಹತ್ರದ್ದು."

ಅವರ ಮಟ್ಟಿಗೆ ಪಿನ್ ಕೋಡ್ ಎಂದರೆ ರಸ್ತೆಬದಿಯ ಮೈಲಿಗಲ್ಲು. ಅವರ ಜೊತೆ ಬಂದಿದ್ದ ಅಂಗಡಿಯ ಆಳುಗಳ ಎದುರೇ ನಾನು ನಕ್ಕೆ. ಆನವಟ್ಟಿ ದಾಟಿದರೆ ಹಾನಗಲ್. ಅಲ್ಲಿನ ಪಿನ್ ಐನೂರ ಎಂಬತ್ತೊಂದರಿಂದ ಶುರು. ಎಲ್ಲೋ ಇರುವ ಚಿತ್ರದುರ್ಗದ್ದು ನಮ್ಮ ಹಾಗೆಯೇ ಐನೂರ ಎಪ್ಪತ್ತೇಳರಿಂದ. ಕಳೆಯುವ ಲೆಕ್ಕದಲ್ಲಿ ಆನವಟ್ಟಿಗೆ ಹಾನಗಲ್‌ಗಿಂತ ಚಿತ್ರದುರ್ಗವೇ ಹತ್ತಿರ. "ಹಂಗಾದ್ರೆ ಹಾನಗಲ್‌ನವರು ಎಣ್ಣೆಗೆ ಎಲ್ಲಿಗೆ ಹೋಗ್ಬೇಕ್ರೀ?" ಎಂದು ಕೇಳಿದೆ. ಅವರು ತಲೆ ಕೆರೆದುಕೊಂಡರು. ಆ ದಿನದಿಂದ ನನ್ನ ಮಾತಿಗೆ ಅವರು ಎದುರಾಡಲಿಲ್ಲ.

ನಾನು ಮಾಡಿದ್ದು ಹೀಗೆ. ಒಂದೊಂದು ಪಿನ್ ಕೋಡಿಗೂ ನಕ್ಷೆಯ ಮೇಲೆ ಒಂದು ಚುಕ್ಕೆ ಇಡುವುದು, ಅಕ್ಷಾಂಶ ರೇಖಾಂಶದ ಸಮೇತ. ಒಂದೇ ಪಿನ್ ಕೆಳಗೆ ಹತ್ತಾರು ಹಳ್ಳಿ ಇರುತ್ತವೆ, ಹಾಗಾಗಿ ಚುಕ್ಕೆ ಅವುಗಳ ನಡುವೆ ಎಲ್ಲೋ ಬೀಳುತ್ತದೆ. ನಮ್ಮ ಕೆಲಸಕ್ಕೆ ಅಷ್ಟು ಸಾಕು. ಅಂಗಡಿಗಳಿಗೂ ಅವುಗಳ ಪಿನ್ ಪ್ರಕಾರ ಒಂದೊಂದು ಚುಕ್ಕೆ. ಗಿರಾಕಿ ಪಿನ್ ಹೊಡೆದ ಕೂಡಲೇ ಅವನ ಚುಕ್ಕೆಯಿಂದ ನಾಲ್ಕೂ ಅಂಗಡಿಗಳ ಚುಕ್ಕೆಗೆ ಇರುವ ದೂರ ಲೆಕ್ಕ ಹಾಕಿ, ಕಮ್ಮಿಯಿಂದ ಜಾಸ್ತಿಗೆ ಜೋಡಿಸಿ, ಮೊದಲ ಎರಡನ್ನು ತೋರಿಸುವುದು. ಮೊಬೈಲ್ ಪರದೆಯಲ್ಲಿ ಎರಡಕ್ಕಿಂತ ಹೆಚ್ಚು ಹಿಡಿಸುತ್ತಿರಲಿಲ್ಲ. ಎರಡು ಅಂಗಡಿಗೆ ದೂರ ಒಂದೇ ಬಂದರೆ ನಾನು ಬರೆದಿಟ್ಟ ಅಂಗಡಿಗಳ ಪಟ್ಟಿಯಲ್ಲಿ ಮೊದಲಿರುವುದು ಮೇಲೆ ಬರುತ್ತದೆ. ಪಟ್ಟಿಯಲ್ಲಿ ಮೊದಲಿದ್ದದ್ದು ದೊಡ್ಡ ಅಂಗಡಿ.

ಮೊದಲು ಮಾದರಿಗೆಂದು ಶಿಕಾರಿಪುರ, ಶಿರಾಳಕೊಪ್ಪ ಎರಡನ್ನೇ ಹಾಕಿ, ಹೆಸರಿನ ಪಕ್ಕ ಕಿಲೋಮೀಟರನ್ನೂ ತೋರಿಸಿದ್ದೆ. ಯಜಮಾನರು ತಕರಾರು ತೆಗೆದರು. ನನ್ನ ಲೆಕ್ಕ ಹಕ್ಕಿ ಹಾರಿದ ಹಾಗೆ ನೇರ ದೂರದ್ದು, ಬಸ್ಸಿನ ದಾರಿ ಸುತ್ತಿ ಬರುವಂಥದ್ದು. "ಇಲ್ಲಿಂದ ಶಿರಾಳಕೊಪ್ಪಕ್ಕೆ ಇಷ್ಟೇ ಅಂದ್ರ ಜನ ನಗ್ತಾರ್ರೀ, ದಿನಾ ಓಡಾಡೋ ದಾರಿ," ಎಂದರು. ವಿವರಿಸುವ ತಾಳ್ಮೆ ನನಗಿರಲಿಲ್ಲ. ಕಿಲೋಮೀಟರನ್ನೇ ಕಿತ್ತು ಹಾಕಿದೆ. ಅಂಗಡಿಯ ಹೆಸರು, ಕೆಳಗೆ ಸಣ್ಣ ಅಕ್ಷರದಲ್ಲಿ ವಿಳಾಸ, ದೊಡ್ಡ ಹಸಿರು ಫೋನ್ ಗುಂಡಿ. ಇಷ್ಟೇ ಉಳಿಯಿತು.

ಇನ್ನು ನಾಲ್ಕೂ ಅಂಗಡಿಗಳ ಪಿನ್ ಕೋಡ್ ಬೇಕಿತ್ತು. ಯಜಮಾನರು ಕೊಟ್ಟ ಚೀಟಿಯಲ್ಲಿ "ಸೊರಬ, ಮೇನ್ ರೋಡ್" ಎನ್ನುವ ಧಾಟಿಯ ವಿಳಾಸಗಳಿದ್ದವು, ಪಿನ್ ಇರಲಿಲ್ಲ. ನಾನು ಜೆರಾಕ್ಸ್ ಅಂಗಡಿಯವಳು. ನಮಗೆ ಯಾವ ಪ್ರಶ್ನೆಗೂ ಉತ್ತರ ಆಧಾರ್ ಜೆರಾಕ್ಸಿನಲ್ಲಿ ಸಿಗುತ್ತದೆ. "ಅಂಗಡಿ ನೋಡ್ಕೊಳ್ಳೋರ ಆಧಾರ್ ಕಳಿಸ್ರೀ, ಪಿನ್ ಅದ್ರಲ್ಲೇ ಇರುತ್ತೆ," ಎಂದೆ. ನಾಲ್ಕು ಪ್ರತಿ ಬಂದವು. ಹಿಂದಿನ ಬದಿ ತಿರುಗಿಸಿ, ನಾಲ್ಕು ಪಿನ್ ಟೈಪ್ ಮಾಡಿದೆ. ಶಿಕಾರಿಪುರ, ಶಿರಾಳಕೊಪ್ಪ, ಆನವಟ್ಟಿಯ ಪಿನ್ ಹೊಡೆದು ಪರೀಕ್ಷೆ ಮಾಡಿದೆ, ಮೂರಕ್ಕೂ ಮೇಲಿನ ಹೆಸರು ಸರಿ ಬಂತು. ಸೊರಬದ್ದು ಹೊಡೆಯಬೇಕು ಎನ್ನುವಷ್ಟರಲ್ಲಿ ಯಾರೋ ಪಡಿತರ ಚೀಟಿ ಹಿಡಿದು ಬಂದರು. ಮೂರು ಸರಿಯಿದ್ದ ಮೇಲೆ ನಾಲ್ಕನೆಯದೂ ಸರಿಯೇ ಎಂದುಕೊಂಡು ಎದ್ದೆ.

ಯಜಮಾನರು ತಮ್ಮ ಪಿನ್ ಹೊಡೆದು ನೋಡಿದರು. ತಮ್ಮ ಅಂಗಡಿ ಮೇಲೆ ಬಂತು. ಅದರ ಕೆಳಗೆ ಏನಿದೆ ಎಂದು ನೋಡುವ ಮನುಷ್ಯ ಅವರಲ್ಲ.

ಒಂದು ತಿಂಗಳಾಗಿರಬೇಕು, ಸೊರಬದ ಅವರಿಂದ ಫೋನ್ ಬಂತು. ಮೆಲ್ಲಗೆ, ಪ್ರತಿ ಮಾತಿಗೂ ತಪ್ಪು ತಿಳೀಬೇಡಿ ಎನ್ನುವ ಧ್ವನಿ.

"ಅಕ್ಕಾರೇ, ನಮ್ಮೂರಿನವ್ರು ನಂಗೆ ಫೋನ್ ಮಾಡ್ತಿಲ್ಲ. ಪಕ್ಕದ ಕುಪ್ಪಗಡ್ಡೆ ಹಳ್ಳಿಯವ್ರು ವಾರ ವಾರ ನಮ್ಮಲ್ಲೇ ಎಣ್ಣೆ ಒಯ್ತಿದ್ರು. ಈಗ ಫೋನಲ್ಲಿ ನೋಡಿ ಶಿರಾಳಕೊಪ್ಪದಿಂದ ಬಸ್ಸಿಗೆ ತರಿಸ್ತಾರೆ. ಹತ್ರ ಅದೇ ಅಂತ ತೋರಿಸ್ತದಂತೆ."

"ಅಳತೆ ಕಂಪ್ಯೂಟರ್ ಮಾಡೋದ್ರೀ, ನಾನಲ್ಲ," ಎಂದೆ. "ನಿಮ್ಮೂರಲ್ಲಿ ಯಾರೂ ಒಗ್ಗರಣೆ ಹಾಕಲ್ವೇನೋ."

ನನ್ನ ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳು ನಕ್ಕರು. ಅವರು ನಕ್ಕಿದ್ದು ನನಗೆ ಹಿತವಾಯಿತು. ಸೊರಬದವರು "ಆಯ್ತು ಅಕ್ಕಾರೇ" ಎಂದು ಫೋನ್ ಇಟ್ಟರು.

ಎರಡನೇ ಸಲ ಅವರೇ ಬಂದರು, ಅಂಗಡಿಗೆ ಬೀಗ ಹಾಕಿ, ಎರಡು ಬಸ್ ಹಿಡಿದು. ನನಗಿಂತ ನಾಲ್ಕೈದು ವರ್ಷ ಚಿಕ್ಕವರು, ಸೀರೆಯ ಸೆರಗಿಗೆ ಎಣ್ಣೆಯ ಕಮಟು ವಾಸನೆ. ಕೈಯಲ್ಲಿ ಒಂದು ಗೆರೆಹಾಳೆ. ಬಂದ ಫೋನುಗಳನ್ನೆಲ್ಲ ಅದರಲ್ಲಿ ಬರೆದಿದ್ದರು, ಯಾವ ದಿನ, ಯಾವ ಊರು. ಎಲ್ಲವೂ ಶಿಕಾರಿಪುರದ್ದು. ಪೇಟೆಯವರು, ದೊಡ್ಡಕೆರೆಯ ಆಚೆಯವರು, ಸಂತೆಗೆ ಬಂದವರು.

"ಇವ್ರೆಲ್ಲಾ, ನಿಮ್ಮ ಅಂಗಡಿ ಇಲ್ಲೇ ಪಕ್ಕದಲ್ಲೇ ಅಂತಲ್ಲ, ಈಗ್ಲೇ ಬರ್ತೀವಿ ಅಂತಾರೆ. ನಾನು ಸೊರಬ ಅಂದ್ರೆ ಬೈದು ಇಡ್ತಾರೆ. ನನ್ನ ಊರಿನವ್ರು ಒಬ್ರೂ ಇಲ್ಲ. ಏನೋ ತಿರುವುಮುರುವಾಗಿದೆ ಅಕ್ಕಾರೇ, ಒಂದ್ಸಲ ನೋಡ್ತೀರಾ."

ಈಗ ಬರೆಯುವಾಗ ನೋಡಿದರೆ, ಬೇಕಾದ ಉತ್ತರವೆಲ್ಲ ಆ ಹಾಳೆಯಲ್ಲಿತ್ತು. ಓದು ಬಲ್ಲ ಯಾರಿಗೇ ಕೊಟ್ಟಿದ್ದರೂ ಎರಡು ನಿಮಿಷಕ್ಕೆ ಹಿಡಿಯುತ್ತಿದ್ದರು. ನಾನು ಓದಲಿಲ್ಲ. ಎರಡನೇ ಸಲ ಕೇಳಿದ್ದೇ ನನ್ನ ತಲೆ ಕೆಡಿಸಿತ್ತು.

"ಜನಕ್ಕೆ ಬೇಜಾರಾದ್ರೆ ಯಾವ ಗುಂಡಿ ಬೇಕಾದ್ರೂ ಒತ್ತುತ್ತಾರೆ. ವ್ಯಾಪಾರ ಆಗ್ದಿದ್ರೆ ನನ್ನ ಹತ್ರ ಬಂದು ಏನ್ ಪ್ರಯೋಜನ? ಬಾಗಿಲು ತೆಗೆದು ಕೂತ್ಕೊಳ್ಳಿ, ಬೀಗ ಹಾಕಿ ಊರೂರು ತಿರುಗಿದ್ರೆ ಗಿರಾಕಿ ಬರ್ತಾರಾ?"

ಅವರ ಮುಖ ಕೆಂಪಾಯಿತು. ಹಾಳೆಯನ್ನು ನನ್ನ ಮೇಜಿನ ಮೇಲೆ ಬಿಟ್ಟು ಹೋದರು. ಅದರ ಹಿಂಬದಿ ಖಾಲಿಯಿತ್ತು. ಮರುದಿನ ಯಾರದೋ ಅರ್ಜಿಯ ಕರಡನ್ನು ಅದರ ಮೇಲೆ ಪ್ರಿಂಟ್ ಹಾಕಿದೆ.

ದೀಪಾವಳಿಗೆ ಮುಂಚೆ ಯಜಮಾನರು ನನ್ನನ್ನು ಮನೆಗೆ ಕರೆದರು. ಗಾಣಕ್ಕೆ ಕಾಳು ಸಾಲದು, ನಾಲ್ಕು ಅಂಗಡಿಗೆ ಎಣ್ಣೆ ಪೂರೈಸಲಾಗುವುದಿಲ್ಲ, ಒಂದನ್ನು ಮುಚ್ಚಬೇಕು ಎಂದು ಮನೆಯಲ್ಲಿ ಮಾತಾಗಿತ್ತು. ಯಾವುದನ್ನು ಮುಚ್ಚಬೇಕು ಎನ್ನುವುದು ಎಲ್ಲರ ಮನಸ್ಸಿನಲ್ಲೂ ಇತ್ತು. ಬಾಯಿಬಿಟ್ಟು ಹೇಳಿದರೆ ಕೆಟ್ಟ ಹೆಸರು ಬರುತ್ತದಲ್ಲ. ಗಂಡ ಸತ್ತವಳ ಅಂಗಡಿ ಕಿತ್ತುಕೊಂಡರು ಎಂದು ನೆಂಟರು ಆಡಿಕೊಳ್ಳುತ್ತಾರೆ.

"ನಾವು ಹೇಳಿದ್ರ ಜಗಳ ಬರ್ತತಿ ಮೇಡಂ," ಎಂದರು ಯಜಮಾನರು. "ನಿಮ್ಮ ಮಿಷನ್ ಹೇಳಿದ್ರ ಯಾರೂ ಬಾಯಿ ತೆಗಿಯಂಗಿಲ್ಲ. ಯಾವ ಅಂಗಡಿ ಎಷ್ಟು ಸಲ ಮೊದ್ಲು ಬಂತು, ಅದನ್ನ ಬರ್ಕೊಂಡು ಬರ್ರಿ."

ಅದು ನನಗೆ ದೊಡ್ಡ ಮರ್ಯಾದೆ ಅನ್ನಿಸಿತು. ಒಳ್ಳೆಯ ಸೀರೆ ಉಟ್ಟುಕೊಂಡು, ಲ್ಯಾಪ್‌ಟಾಪ್ ಹಿಡಿದು ಹೋದೆ.

ಪಡಸಾಲೆಯಲ್ಲಿ ಜಮಖಾನ ಹಾಸಿದ್ದರು. ಯಜಮಾನರು, ಅವರ ತಾಯಿ, ಅಳಿಯ, ಸೋದರಳಿಯ, ಇನ್ನೂ ನಾಲ್ಕೈದು ಹಿರಿಯರು. ಸೊರಬದವರು ಅಡುಗೆಮನೆಯ ಬಾಗಿಲ ಹತ್ತಿರ ನಿಂತಿದ್ದರು. ಕೂರು ಎಂದು ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಚಹಾ ಕೊಟ್ಟಿದ್ದು ಅವರೇ.

ನಾನು ಓದಿದೆ. ದೊಡ್ಡ ಅಂಗಡಿ ಎಷ್ಟು ಸಲ, ಶಿರಾಳಕೊಪ್ಪ ಎಷ್ಟು, ಆನವಟ್ಟಿ ಎಷ್ಟು. ಕೊನೆಗೆ, "ಸೊರಬ, ಸೊನ್ನೆ."

"ಒಂದೂ ಇಲ್ಲೇನ್ರೀ?" ಎಂದ ಅಳಿಯ, ಗೊತ್ತಿದ್ದೂ.

"ಒಂದೂ ಇಲ್ಲ."

ಯಜಮಾನರ ತಾಯಿ ಸೊಸೆಯ ಕಡೆ ತಿರುಗಿ, "ನೋಡವ್ವ, ನಾವು ಹೇಳಿದ್ದಲ್ಲ," ಎಂದರು. "ಸುಮ್ನ ಅಲ್ಲಿ ಒಬ್ಬಾಕಿ ಕೂತು ಏನ್ ಮಾಡ್ತಿ. ಮನ್ಯಾಗ ಇರು. ಅಡಗಿ ನೋಡ್ಕೋ, ಡಬ್ಬಿ ತುಂಬು. ಎರಡು ಹೊತ್ತು ಊಟಕ್ಕೇನು ಕಮ್ಮಿ ಮಾಡ್ತೀವಾ?"

ಸೊರಬದವರು ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮುಂದೆ ಬಂದರು. "ಭಾವಾರೇ, ನಂಗೆ ಫೋನ್ ಬರ್ತವೆ. ಸುಳ್ಳಲ್ಲ. ಶಿಕಾರಿಪುರದವ್ರು ದಿನಾ ಮಾಡ್ತಾರೆ. ಅಕ್ಕಾರಿಗೂ ಹೇಳಿದ್ದೆ. ಇನ್ನೊಂದು ನಾಕು ತಿಂಗಳು ಬಿಡ್ರಿ. ಅಂಗಡಿ ಒಂದು ಹೋದ್ರೆ ನಂದು ಅಂತ ಏನೂ ಉಳಿಯಲ್ಲ."

ಎಲ್ಲರೂ ನನ್ನನ್ನು ನೋಡಿದರು. ಉತ್ತರ ನನ್ನ ನಾಲಿಗೆ ತುದಿಯಲ್ಲೇ ಇತ್ತು.

"ಅದು ಶಿಕಾರಿಪುರದ ಪಿನ್ ಹೊಡೆದಾಗ ನಿಮ್ಮದು ಎರಡನೇದಾಗಿ ಬರುತ್ತೆ, ಅದಕ್ಕೆ ಫೋನ್ ಬರುತ್ತೆ. ಮೊದಲನೇದಾಗಿ ಒಂದು ದಿನವೂ ಬಂದಿಲ್ಲ. ಎರಡನೇದಾಗಿ ಬಂದಿದ್ದನ್ನ ಇಲ್ಲಿ ಯಾರೂ ಕೇಳಿಲ್ಲ," ಎಂದೆ.

ಅಂದ ಮೇಲೆ, ನಾನು ಅಂದಿದ್ದೇನು ಎಂದು ನನಗೇ ಕೇಳಿಸಿತು. ಶಿಕಾರಿಪುರದವರಿಗೆ ಎರಡನೆಯದಾಗಿ ಸೊರಬ ಯಾಕೆ ಬರಬೇಕು? ನಡುವೆ ಶಿರಾಳಕೊಪ್ಪ ಇದೆ. ಸೊರಬಕ್ಕೆ ಹೋಗುವ ಬಸ್ಸು ಶಿರಾಳಕೊಪ್ಪದಲ್ಲಿ ನಿಂತೇ ಮುಂದೆ ಹೋಗುತ್ತದೆ. ದೂರ ಸರಿಯಾಗಿ ಅಳೆದಿದ್ದರೆ ಎರಡನೆಯದು ಶಿರಾಳಕೊಪ್ಪ ಆಗಬೇಕು.

ಲ್ಯಾಪ್‌ಟಾಪ್ ತೊಡೆಯ ಮೇಲೇ ಇತ್ತು. ಅಂಗಡಿಗಳ ಪಟ್ಟಿ ತೆರೆದೆ. ದೊಡ್ಡ ಅಂಗಡಿಯ ಪಿನ್ ಮತ್ತು ಸೊರಬದ ಅಂಗಡಿಯ ಪಿನ್ ಒಂದೇ. ಆಧಾರ್ ಜೆರಾಕ್ಸ್ ನೆನಪಾಯಿತು. ಅವರ ಕಾರ್ಡಿನಲ್ಲಿದ್ದದ್ದು ಈ ಮನೆಯ ವಿಳಾಸ. ಸೊಸೆ ಆಧಾರನ್ನು ಬೇರೆ ಊರಿಗೆ ಹಾಕಿಸಿಕೊಂಡರೆ ನಾಳೆ ಭಾಗ ಕೇಳುತ್ತಾಳೆ ಎಂದು ಇಂಥ ಮನೆಗಳಲ್ಲಿ ಬದಲಾಯಿಸಲು ಬಿಡುವುದಿಲ್ಲ. ನನ್ನ ಮೇಜಿನ ಮೇಲೆ ದಿನಾ ಅಂಥ ಕಾರ್ಡುಗಳನ್ನು ನೋಡುವ ನನಗೆ ಅದು ಗೊತ್ತಿರಬೇಕಿತ್ತು. ಅಂಗಡಿ ಇರುವ ಜಾಗ ಕೇಳುವ ಬದಲು ನಾನು ಅಂಗಡಿಯವರ ಮನೆ ಯಾವುದು ಎಂದು ಕೇಳಿದ್ದೆ. ಸೊರಬದ ಅಂಗಡಿಯನ್ನು ಎತ್ತಿ ಶಿಕಾರಿಪುರದಲ್ಲಿ, ದೊಡ್ಡ ಅಂಗಡಿಯ ತಲೆಯ ಮೇಲೆಯೇ ಇಟ್ಟಿದ್ದೆ. ಯಾರು ಯಾವ ಪಿನ್ ಹೊಡೆದರೂ ಎರಡಕ್ಕೂ ದೂರ ಒಂದೇ, ಪಟ್ಟಿಯಲ್ಲಿ ಮುಂದಿರುವ ದೊಡ್ಡ ಅಂಗಡಿಯೇ ಮೇಲೆ. ಸೊರಬ ಮೊದಲು ಬರಲು ಸಾಧ್ಯವೇ ಇರಲಿಲ್ಲ. ಕಿಲೋಮೀಟರ್ ತೋರಿಸಿದ್ದರೆ ಶಿಕಾರಿಪುರದವರಿಗೆ ಸೊರಬದ ಹೆಸರಿನ ಮುಂದೆ ಸೊನ್ನೆ ಎಂದು ಬರುತ್ತಿತ್ತು, ಮೊದಲ ದಿನವೇ ಯಾರಾದರೂ ಕೇಳುತ್ತಿದ್ದರು.

ಜನ ಹೊಡೆದ ಪಿನ್‌ಗಳ ಪಟ್ಟಿಯೂ ಇತ್ತು, ಅಲ್ಲಿಯವರೆಗೆ ತೆರೆದಿರಲಿಲ್ಲ. ತೆರೆದೆ. ಎಲ್ಲಕ್ಕಿಂತ ಹೆಚ್ಚು ಶಿಕಾರಿಪುರ, ಅದರ ಕೆಳಗೇ ಸೊರಬ. ಆ ಊರಿನವರು ಹುಡುಕಿದ್ದರು. ನಾನು ಅವರನ್ನೆಲ್ಲ ಶಿರಾಳಕೊಪ್ಪಕ್ಕೆ ಕಳಿಸಿದ್ದೆ.

ಒಂದು ಮಾತು ಸಾಕಿತ್ತು. "ತಪ್ಪಾಗಿದೆ, ನನ್ನದು." ಎರಡೇ ಶಬ್ದ. ಹೇಳಿದ್ದರೆ ಆ ಪಡಸಾಲೆಯಲ್ಲಿ ನಗುವವರು ಯಾರೆಂದು ನನಗೆ ಕಾಣುತ್ತಿತ್ತು. ಪಿನ್ ಕಳೆಯಿರಿ ಎಂದು ನನ್ನಿಂದ ನಗಿಸಿಕೊಂಡ ಯಜಮಾನರೇ ಮೊದಲು ನಗುತ್ತಿದ್ದರು. ಪೇಟೆಯ ಇನ್ನಿಬ್ಬರು ವ್ಯಾಪಾರಿಗಳು ಇಂಥದೇ ಪುಟ ಮಾಡಿಕೊಡಿ ಎಂದು ಕೇಳಿದ್ದರು, ಅವರೂ ಹಿಂದೆ ಸರಿಯುತ್ತಿದ್ದರು. ಇದಕ್ಕೆಲ್ಲ ಹೆದರಿದೆ ಎಂದು ಬರೆದರೆ ಅದೂ ಪೂರ್ತಿ ನಿಜವಲ್ಲ. ಆ ಹೆಂಗಸು ಸರಿ, ನಾನು ತಪ್ಪು ಎಂದು ಒಪ್ಪಿಕೊಳ್ಳುವುದೇ ನನ್ನಿಂದ ಆಗಲಿಲ್ಲ. ಬೇರೆ ಯಾರಾದರೂ ಹಿಡಿದಿದ್ದ ತಪ್ಪಾಗಿದ್ದರೆ ಒಪ್ಪುತ್ತಿದ್ದೆನೋ ಏನೋ.

"ಏನ್ರೀ ಮೇಡಂ, ಇನ್ನೇನರ ಐತೇನು?" ಎಂದರು ಯಜಮಾನರು, ನಾನು ಪರದೆಯನ್ನೇ ನೋಡುತ್ತಿದ್ದದ್ದನ್ನು ಕಂಡು.

"ಏನಿಲ್ಲ. ಲೆಕ್ಕ ಸರಿಯಿದೆ," ಎಂದೆ.

"ಹಂಗಾದ್ರ ಸೊರಬದ್ದು ಈಗ್ಲೇ ತೆಗೆದು ಬಿಡ್ರಿ. ಎಲ್ರ ಮುಂದ ಆಗ್ಲಿ."

ಸೊರಬದ ಸಾಲನ್ನು ಆರಿಸಿ ಅಳಿಸಿದೆ. ನಿಜವಾಗಿಯೂ ತೆಗೆಯಬೇಕೇ ಎಂದು ಪರದೆ ಕೇಳಿತು, ಹೌದು ಒತ್ತಿದೆ. ತಪ್ಪು ಪಿನ್ ಕೂಡ ಅದರ ಜೊತೆಗೇ ಹೋಯಿತು. ಇನ್ನು ಯಾರು ಹುಡುಕಿದರೂ ಸಿಗುವುದಿಲ್ಲ ಎಂದು ಸಮಾಧಾನವಾಯಿತು. ಹೌದು, ಸಮಾಧಾನವೇ ಆಯಿತು.

ಸೊರಬದವರು ನನ್ನ ಪಕ್ಕಕ್ಕೆ ಬಂದು ಬಗ್ಗಿ ನೋಡಿದರು. "ಈಗ ಸೊರಬದ ಪಿನ್ ಹೊಡೆದ್ರೆ ಏನ್ ಬರ್ತದೆ ಅಕ್ಕಾರೇ?"

ಹೊಡೆದು ತೋರಿಸಿದೆ. ಮೊದಲು ಶಿರಾಳಕೊಪ್ಪ, ಕೆಳಗೆ ಆನವಟ್ಟಿ.

"ಮುಂಚೇನೂ ಇದೇ ಬರ್ತಿತ್ತು," ಎಂದರು. ದೂರುವ ಧ್ವನಿಯಲ್ಲ, ಸುಮ್ಮನೆ.

ನಾನು ಲ್ಯಾಪ್‌ಟಾಪ್ ಮುಚ್ಚಿದೆ.

ಹಿರಿಯರು ಎದ್ದು ಊಟಕ್ಕೆ ಕೈತೊಳೆಯಲು ಹೋದರು. ನಾನು ಚಪ್ಪಲಿ ಹಾಕಿಕೊಳ್ಳುವಾಗ ಸೊರಬದವರು ಅಂಗಳದವರೆಗೆ ಬಂದರು. ಕೈಯಲ್ಲಿ ನನ್ನದೇ ಖಾಲಿ ಚಹಾ ಲೋಟ. ಆ ಮನೆಯ ಕೆಲಸ ಆಗಲೇ ಶುರುವಾಗಿತ್ತು.

"ಅಕ್ಕಾರೇ, ನಂಗೆ ಇದ್ರಲ್ಲಿ ಏನೂ ತಿಳಿಯಲ್ಲ. ತಿಳೀದೆ ನಿಮ್ಮ ಕೆಲಸದಲ್ಲಿ ತಪ್ಪು ಹುಡುಕ್ದೆ, ಅಂಗಡಿತನಕ ಬಂದು ನಿಮ್ಮ ಹೊತ್ತೂ ಹಾಳು ಮಾಡ್ದೆ. ನೀವು ಅವತ್ತು ಬೈದಿದ್ದೇ ಸರಿ. ಮನಸ್ಸಿಗೆ ಹಚ್ಕೋಬೇಡಿ."

ಅವರು ಕಾಯುತ್ತಾ ನಿಂತರು. ನಾನು ಏನು ಹೇಳುತ್ತೇನೆ ಎನ್ನುವುದು ಅವರಿಗೆ ಬೇಕಿತ್ತು.

"ಇರ್ಲಿ ಬಿಡ್ರೀ," ಎಂದೆ. "ಗೊತ್ತಿಲ್ದೆ ಮಾಡಿದ್ದಲ್ವಾ. ನಾನೇನೂ ಬೇಜಾರು ಇಟ್ಕೊಂಡಿಲ್ಲ."

ಅವರ ಮುಖ ಸ್ವಲ್ಪ ಹಗುರಾಯಿತು. ನನಗೆ ಕೈಮುಗಿದು, ಲೋಟ ತೊಳೆಯಲು ಒಳಗೆ ಹೋದರು.